ಮಗ್ಗುಲು ಬದಲಿಸಿದರೂ ಹಿಮ್ಮಡಿಯ ಭಾರ ಇಳಿಯುವುದಿಲ್ಲ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ತಾಯಿಗೆ 76 ವರ್ಷ, ಹಳೆಯ ಮಧುಮೇಹವಿದೆ. ಎರಡು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಎಡಗೈ, ಎಡಗಾಲು ಬಿದ್ದುಹೋಗಿವೆ. ಗಾಳಿಹಾಸಿಗೆ ತಂದಿದ್ದೇವೆ. ಹಗಲು ಆರೈಕೆಗೆಂದು ಬ್ಯೂರೋದಿಂದ ಬರುವ ಬಾಯಿ, ರಾತ್ರಿ ನಾನು ಮತ್ತು ನನ್ನ ಹೆಂಡತಿ ಎರಡು ಗಂಟೆಗೊಮ್ಮೆ ತಪ್ಪದೆ ಮಗ್ಗುಲು ಬದಲಿಸುತ್ತೇವೆ. ಬೆನ್ನಿನಲ್ಲಿ, ಸೊಂಟದಲ್ಲಿ ಏನೂ ಆಗಿಲ್ಲ. ಆದರೆ ಹತ್ತು ದಿನಗಳ ಹಿಂದೆ ಎಡ ಹಿಮ್ಮಡಿಯಲ್ಲಿ ನೇರಳೆ ಬಣ್ಣದ ಕಲೆ ಕಾಣಿಸಿ, ಈಗ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒಣಗಿ ಕಪ್ಪಾಗಿದೆ. ಸ್ವಾಧೀನವಿರುವ ಬಲಗಾಲಿನ ಹಿಮ್ಮಡಿಯಲ್ಲೂ ಗುಳ್ಳೆ ಎದ್ದು ಒಡೆದು ಹಸಿಯಾಗಿದೆ. ಡ್ರೆಸ್ಸಿಂಗ್ ಮಾಡಲು ಬರುವವರು ಕಪ್ಪು ಚರ್ಮವನ್ನು ಕತ್ತರಿಸಿ ತೆಗೆಯಬೇಕು ಎನ್ನುತ್ತಾರೆ. ಬಾಯಿಯು ಕೈಗವಸಿನಲ್ಲಿ ನೀರು ತುಂಬಿ ಹಿಮ್ಮಡಿಯ ಕೆಳಗಿಡೋಣ ಎನ್ನುತ್ತಾಳೆ. ಇಷ್ಟು ನೋಡಿಕೊಂಡರೂ ಹೀಗೇಕಾಯಿತು? ಮುಂದೆ ಏನು ಮಾಡಬೇಕು?

ಉತ್ತರ: ಮೊದಲು ಒಂದು ಮಾತು: ಆ ಕಪ್ಪು ಚರ್ಮಕ್ಕೆ ಸದ್ಯ ಯಾರೂ ಕತ್ತರಿ ಹಚ್ಚುವುದು ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ. ಮಗ್ಗುಲು ಬದಲಿಸುವುದರಲ್ಲಿ ನೀವು ತಪ್ಪಿಲ್ಲ ಎಂಬುದಕ್ಕೆ ನಿಮ್ಮ ತಾಯಿಯವರ ಸೊಂಟದ ಕೆಳಭಾಗದ ಚರ್ಮವೇ ಸಾಕ್ಷಿ. ಹಾಸಿಗೆ ಹುಣ್ಣು ಅತಿ ಹೆಚ್ಚಾಗಿ ಬರುವ ಜಾಗ ಅದು, ಅದರ ನಂತರದ ಸ್ಥಾನ ಹಿಮ್ಮಡಿಯದು. ಮೊದಲನೆಯದನ್ನು ಉಳಿಸಿದ ಕ್ರಮವೇ ಎರಡನೆಯದನ್ನು ಏಕೆ ಉಳಿಸಲಿಲ್ಲ ಎಂಬುದರಲ್ಲೇ ನಿಮ್ಮ ಸಮಸ್ಯೆಯ ಮೂಲವಿದೆ.

ಮಲಗಿದವರನ್ನು ನಾವು ಮಗ್ಗುಲಿಗೆ ಹೊರಳಿಸುವಾಗ ಸಾಮಾನ್ಯವಾಗಿ ಭುಜವನ್ನೂ ಸೊಂಟವನ್ನೂ ಹಿಡಿದು ಹೊರಳಿಸುತ್ತೇವೆ. ಬೆನ್ನು ಹಾಸಿಗೆಯಿಂದ ಏಳುತ್ತದೆ, ಅದರ ಹಿಂದೆ ದಿಂಬು ಕೂರುತ್ತದೆ, ಕೆಲಸ ಮುಗಿಯಿತು ಎನ್ನಿಸುತ್ತದೆ. ಮುಂದಿನ ಸಲ ಹೊರಳಿಸಿದ ಮೇಲೆ ಹಾಸಿಗೆಯ ಕಾಲಿನ ಕಡೆಗೆ ಹೋಗಿ ಹೊದಿಕೆ ಸರಿಸಿ ನೋಡಿ. ಸ್ವಾಧೀನವಿಲ್ಲದ ಕಾಲು ಸೊಂಟದ ಜೊತೆಗೆ ಪೂರ್ತಿಯಾಗಿ ತಿರುಗಿರುವುದಿಲ್ಲ. ಅದು ತನ್ನ ಭಾರಕ್ಕೆ ಹೊರಕ್ಕೆ ವಾಲಿಕೊಂಡಿರುತ್ತದೆ, ಹಿಮ್ಮಡಿಯ ಹಿಂಭಾಗ ಅಥವಾ ಅದರ ಹೊರ ಅಂಚು ಹಾಸಿಗೆಗೆ ಒತ್ತಿಯೇ ಇರುತ್ತದೆ. ಬೆನ್ನಿಗೆ ಮೂರು ಭಂಗಿಗಳು ಸಿಕ್ಕಿದ್ದರೆ ಹಿಮ್ಮಡಿಗೆ ಸಿಕ್ಕಿದ್ದು ಒಂದೇ ಎಂದಾಯಿತು. ದಿನಕ್ಕೆ ಹನ್ನೆರಡು ಸಲ ಹೊರಳಿಸಿದರೂ ಹಿಮ್ಮಡಿಯ ಪಾಲಿಗೆ ಅವರು ಬಹುಪಾಲು ಹೊತ್ತು ಮಲಗಿದಲ್ಲೇ ಮಲಗಿದ್ದಾರೆ.

ಹಿಮ್ಮಡಿಯ ರಚನೆಯೂ ಇದಕ್ಕೆ ಕಾರಣ. ನಾವು ನಿಂತಾಗ ಭಾರ ಹೊರುವ ಅಡಿಭಾಗದಲ್ಲಿ ದಪ್ಪನೆಯ ಕೊಬ್ಬಿನ ಮೆತ್ತೆ ಇದೆ. ಮಲಗಿದಾಗ ಹಾಸಿಗೆಗೆ ತಾಗುವುದು ಆ ಭಾಗವಲ್ಲ, ಹಿಂಬದಿ. ಅಲ್ಲಿ ಮಾಂಸಖಂಡ ಇಲ್ಲವೇ ಇಲ್ಲ, ಕೊಬ್ಬೂ ಅತ್ಯಲ್ಪ. ತೆಳುವಾದ ಚರ್ಮದ ಕೆಳಗೆ ನೇರವಾಗಿ ದುಂಡನೆಯ ಎಲುಬಿದೆ. ಇಡೀ ಕಾಲಿನ ಕೆಳಭಾಗದ ತೂಕ ಅಷ್ಟು ಚಿಕ್ಕ ಜಾಗದ ಮೇಲೆ ಕೂತಾಗ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಅಮುಕಿಹೋಗುತ್ತವೆ. ಆರೋಗ್ಯವಂತರಿಗೆ ನೋವಾಗಿ ನಿದ್ದೆಯಲ್ಲೇ ಕಾಲು ಎಳೆದುಕೊಳ್ಳುತ್ತಾರೆ. ನಿಮ್ಮ ತಾಯಿಯವರಿಗೆ ಎಡಗಾಲಿನ ಚಲನೆಯಿಲ್ಲ, ಪಾರ್ಶ್ವವಾಯುವಿನಿಂದ ಸ್ಪರ್ಶಜ್ಞಾನವೂ ಕುಂದಿರಬಹುದು, ಮಧುಮೇಹದಿಂದ ಪಾದದ ನರಗಳು ಮೊದಲೇ ಮಂದವಾಗಿರಬಹುದು. ಎಡಭಾಗಕ್ಕೆ ಪಾರ್ಶ್ವವಾಯುವಾದ ಕೆಲವರಿಗೆ ಆ ಕಡೆಯ ದೇಹವೇ ಮರೆತುಹೋದಂತಾಗುತ್ತದೆ, ಕೇಳಿದರೂ ಎಡಗಾಲಿನಲ್ಲಿ ಏನೂ ತೊಂದರೆಯಿಲ್ಲ ಎನ್ನುತ್ತಾರೆ. ಆದ್ದರಿಂದ ಅವರು ನೋವೆಂದು ಹೇಳಿಲ್ಲ ಎಂಬುದನ್ನು ಭರವಸೆಯಾಗಿ ತೆಗೆದುಕೊಳ್ಳಬೇಡಿ.

ಗಾಳಿಹಾಸಿಗೆ ಇದ್ದೂ ಹೀಗಾಯಿತಲ್ಲ ಎಂಬ ಬೇಸರ ನಾನು ಹೋದ ಮನೆಮನೆಗಳಲ್ಲೂ ಕೇಳುತ್ತೇನೆ. ಅದರ ಗುಳ್ಳೆಗಳು ಸರದಿಯಂತೆ ಉಬ್ಬಿ ಇಳಿಯುತ್ತ ಬೆನ್ನು, ಸೊಂಟದಂಥ ಅಗಲವಾದ ಜಾಗಗಳಲ್ಲಿ ಒತ್ತಡವನ್ನು ಹಂಚುತ್ತವೆ. ಹಿಮ್ಮಡಿಯಷ್ಟು ಚಿಕ್ಕ, ಗಟ್ಟಿ ಜಾಗದಲ್ಲಿ ಹಂಚಲು ಏನೂ ಉಳಿಯುವುದಿಲ್ಲ. ಜೊತೆಗೆ ಅದರ ಮೇಲೆ ರೆಕ್ಸಿನ್, ಪ್ಲಾಸ್ಟಿಕ್ ಹಾಳೆ, ಮಡಿಸಿದ ಚಾದರ ಹಾಕಿದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆ. ಮುಂಬಯಿಯ ಸೆಕೆಯಲ್ಲಿ ಪ್ಲಾಸ್ಟಿಕ್ ಮೇಲೆ ಬೆವೆತ ಚರ್ಮ ಮೆತ್ತಗಾಗಿ ಬೇಗ ಕೆತ್ತಿಹೋಗುತ್ತದೆ. ಒಂದೇ ಒಂದು ಹತ್ತಿಯ ಚಾದರ ಸಾಕು. ಹಾಸಿಗೆಯಲ್ಲಿ ಗಾಳಿ ಸಾಕಷ್ಟಿದೆಯೇ ಎಂದು ನೋಡಲು, ಅವರು ಮಲಗಿರುವಾಗ ಸೊಂಟದ ನೇರಕ್ಕೆ ಗಾಳಿಹಾಸಿಗೆಯ ಅಡಿಯಲ್ಲಿ ಅಂಗೈಯನ್ನು ಚಪ್ಪಟೆಯಾಗಿ ತೂರಿಸಿ. ಎಲುಬು ಕೈಗೆ ಒತ್ತಿದರೆ ಅದು ತಳ ಹಿಡಿದಿದೆ ಎಂದರ್ಥ, ಪಂಪಿನ ಒತ್ತಡ ಹೆಚ್ಚಿಸಬೇಕು ಅಥವಾ ಸೋರಿಕೆ ಹುಡುಕಬೇಕು. ಗಾಳಿಹಾಸಿಗೆ ಇರಲಿ, ತೆಗೆಯಬೇಡಿ. ಹಿಮ್ಮಡಿಗಳನ್ನು ಅದಕ್ಕೆ ಒಪ್ಪಿಸಿ ಸುಮ್ಮನಾಗುವಂತಿಲ್ಲ, ಅಷ್ಟೇ.

ಈಗ ಎರಡು ಹಿಮ್ಮಡಿಗಳ ಗಾಯಗಳನ್ನು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಅವುಗಳ ಹುಟ್ಟು ಬೇರೆ.

ಎಡ ಹಿಮ್ಮಡಿಯದು ಒತ್ತಡದ ಗಾಯ. ಮೊದಲು ನೇರಳೆಯಾಗಿ ಆಮೇಲೆ ಕಪ್ಪಾಗಿದೆ ಎಂದರೆ ಹಾನಿ ಶುರುವಾದದ್ದು ಆಳದಲ್ಲಿ, ಎಲುಬಿನ ಪಕ್ಕದಲ್ಲಿ. ಇಂಥ ಗಾಯದಲ್ಲಿ ಮೇಲಿನ ಚರ್ಮದ ಬಣ್ಣ ಬದಲಾಗುವುದು ಸುಮಾರು ಎರಡು ಮೂರು ದಿನ ತಡವಾಗಿ. ನೀವು ಕಲೆಯನ್ನು ಕಂಡ ದಿನಕ್ಕಿಂತ ಎರಡು ಮೂರು ದಿನ ಹಿಂದಕ್ಕೆ ಹೋಗಿ ಯೋಚಿಸಿ: ಅಂದು ಬಾಯಿಯ ಬದಲು ಬೇರೆಯವರು ಬಂದಿದ್ದರೇ, ಜ್ವರದಿಂದ ಇಡೀ ದಿನ ಅಂಗಾತ ಮಲಗಿದ್ದರೇ, ಯಾವುದಾದರೂ ಪರೀಕ್ಷೆಗೆಂದು ಸ್ಟ್ರೆಚರಿನ ಮೇಲೆ ಗಂಟೆಗಟ್ಟಲೆ ಕಾದರೇ? ಯಾರನ್ನೋ ದೂರಲು ಇದನ್ನು ಕೇಳುತ್ತಿಲ್ಲ. ಅದೇ ಸಂದರ್ಭ ಮತ್ತೆ ಬಂದಾಗ ಹಿಮ್ಮಡಿಯ ಕೆಳಗೆ ಏನಿರಬೇಕೆಂದು ಮೊದಲೇ ತಿಳಿದಿರಲಿ ಎಂದು.

ಬಲ ಹಿಮ್ಮಡಿಯದು ಉಜ್ಜುವಿಕೆಯ ಗಾಯ. ಶಕ್ತಿಯಿರುವ ಕಾಲಿಗೆ ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಉತ್ತರ, ಆ ಶಕ್ತಿಯೇ ಎಂಬುದು. ತಲೆಯ ಕಡೆ ಎತ್ತರಿಸಿದಾಗ ದೇಹ ನಿಧಾನವಾಗಿ ಕೆಳಕ್ಕೆ ಜಾರುತ್ತದೆ. ಜಾರಿದವರು ಮೇಲಕ್ಕೆ ಬರಲು ಸ್ವಾಧೀನವಿರುವ ಒಂದೇ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಊರಿ ತಳ್ಳುತ್ತಾರೆ, ಮತ್ತೆ ಜಾರುತ್ತಾರೆ, ಮತ್ತೆ ತಳ್ಳುತ್ತಾರೆ. ಚರ್ಮ ಚಾದರಕ್ಕೆ ಅಂಟಿಕೊಂಡು ನಿಂತಿದ್ದು ಒಳಗಿನ ಎಲುಬು ಮಾತ್ರ ಸರಿಯುತ್ತದೆ. ನಡುವಿನ ಪದರಗಳು ಹಿಂಜಿ ಗುಳ್ಳೆ ಏಳುತ್ತದೆ. ಇದಕ್ಕೆ ಮತ್ತೊಂದು ಕಾರಣವೂ ಸೇರುತ್ತದೆ. ಹಗಲಿನಲ್ಲಿ ಬಾಯಿ ಒಬ್ಬಳೇ ಇದ್ದಾಗ ನಿಮ್ಮ ತಾಯಿಯವರನ್ನು ಮೇಲಕ್ಕೆ ತರುವುದು ಹೇಗೆಂದು ಒಮ್ಮೆ ನಿಂತು ನೋಡಿ. ಬಹಳಷ್ಟು ಮನೆಗಳಲ್ಲಿ ತಲೆಯ ಹಿಂದೆ ನಿಂತು ಎರಡೂ ಕಂಕುಳಿಗೆ ಕೈಹಾಕಿ ಎಳೆಯುತ್ತಾರೆ. ಆಗ ಎರಡೂ ಹಿಮ್ಮಡಿಗಳು ಗೇಣುದ್ದ ಚಾದರವನ್ನು ಕೆರೆಯುತ್ತ ಬರುತ್ತವೆ, ಎಡ ಭುಜದ ಕೀಲಿಗೂ ಪೆಟ್ಟು.

ಹಾಗಾಗಿ ಪರಿಹಾರವೂ ಎರಡು ಬಗೆಯದು. ಎಡ ಹಿಮ್ಮಡಿ ಹಾಸಿಗೆಗೆ ತಾಗಲೇಬಾರದು, ಬಲಗಾಲಿಗೆ ತಳ್ಳುವ ಅಗತ್ಯವೇ ಬರಬಾರದು.

ತಾಗದಂತೆ ಮಾಡುವುದಕ್ಕೆ ದಿಂಬು ಸಾಕು, ಆದರೆ ಇಡುವ ರೀತಿಯಲ್ಲಿ ಎಲ್ಲವೂ ಇದೆ. ಸಾಧಾರಣ ಗಟ್ಟಿಯಿರುವ ದಿಂಬೊಂದನ್ನು ಕಾಲಿನ ಉದ್ದಕ್ಕೆ ಇಡಿ. ಅದರ ಮೇಲಿನ ಅಂಚು ಮೊಣಕಾಲಿನ ಹಿಂಭಾಗಕ್ಕೂ ಆಸರೆ ಕೊಡುತ್ತ, ಕೆಳಗಿನ ಅಂಚು ಕಣಕಾಲಿಗಿಂತ ಸ್ವಲ್ಪ ಮೇಲೆಯೇ ನಿಲ್ಲಬೇಕು. ಮೀನಖಂಡದ ಪೂರ್ತಿ ಉದ್ದ ಕಾಲಿನ ಭಾರವನ್ನು ಹೊರಬೇಕು, ಹಿಮ್ಮಡಿ ದಿಂಬಿನ ಅಂಚಿನಿಂದಾಚೆ ಗಾಳಿಯಲ್ಲಿರಬೇಕು. ಮೊಣಕಾಲು ತುಸುವೇ, ಐದರಿಂದ ಹತ್ತು ಡಿಗ್ರಿಯಷ್ಟು ಬಾಗಿರಲಿ. ಕಾಲು ಪೂರ್ತಿ ನೀಟಾಗಿ ಸೆಟೆದು ನಿಂತರೆ ಮೊಣಕಾಲಿನ ಹಿಂದಿನ ರಕ್ತನಾಳ ಒತ್ತಿಹೋಗಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಸಾಮಾನ್ಯ ತಪ್ಪುಗಳು ಎರಡು. ಒಂದು, ಚಿಕ್ಕ ದಿಂಬನ್ನು ಕಣಕಾಲಿನ ಕೆಳಗೆ ಮಾತ್ರ ತುರುಕುವುದು. ಆಗ ಭಾರವೆಲ್ಲ ಹಿಮ್ಮಡಿಯ ಮೇಲಿನ ಸ್ನಾಯುಬಂಧದ ಮೇಲೆ ಬಿದ್ದು ಅಲ್ಲಿ ಹೊಸ ಹುಣ್ಣಾಗುತ್ತದೆ. ಇನ್ನೊಂದು, ಮೊಣಕಾಲಿನ ಕೆಳಗೆ ಮಾತ್ರ ಎತ್ತರದ ದಿಂಬಿಡುವುದು. ಆಗ ಹಿಮ್ಮಡಿ ಮೊದಲಿಗಿಂತ ಹೆಚ್ಚು ಬಲವಾಗಿ ಹಾಸಿಗೆಗೆ ಊರುತ್ತದೆ.

ಇಟ್ಟ ಮೇಲೆ ಹಿಮ್ಮಡಿಗೂ ಹಾಸಿಗೆಗೂ ನಡುವೆ ಅಂಗೈಯನ್ನು ಚಪ್ಪಟೆಯಾಗಿ ಹಾಯಿಸಿ. ತಡೆಯಿಲ್ಲದೆ ಹಾದುಹೋದರೆ ಸರಿ. ಕಣ್ಣಳತೆಯನ್ನು ನಂಬಬೇಡಿ, ಮೆತ್ತನೆಯ ಫೈಬರ್ ದಿಂಬು ಇಟ್ಟಾಗ ಎತ್ತರವಾಗಿ ಕಂಡು ಗಂಟೆಯೊಳಗೆ ಕುಸಿದಿರುತ್ತದೆ. ಅಂಥ ದಿಂಬಿಗಿಂತ ಹಳೆಯ ಹೊದಿಕೆಯನ್ನು ಉದ್ದಕ್ಕೆ ಮಡಿಸಿ ಹತ್ತಿಯ ಗವಸು ಹಾಕಿದರೆ ಚೆನ್ನಾಗಿ ನಿಲ್ಲುತ್ತದೆ. ಎಡಗಾಲು ಹೊರಕ್ಕೆ ವಾಲದಂತೆ ಸೊಂಟದಿಂದ ಮೊಣಕಾಲಿನವರೆಗೆ ತೊಡೆಯ ಹೊರಮಗ್ಗುಲಿಗೆ ಸುತ್ತಿದ ಟವೆಲ್ ಒತ್ತಿಡಿ. ಕಾಲ್ಬೆರಳು ಮತ್ತು ಮೊಣಕಾಲಿನ ಚಿಪ್ಪು ಸೂರಿನ ಕಡೆ ನೋಡುತ್ತಿರಬೇಕು. ಹೊದಿಕೆಯನ್ನು ಪಾದದ ಬಳಿ ಬಿಗಿಯಾಗಿ ಹಾಸಿಗೆಯಡಿ ಸಿಕ್ಕಿಸಬೇಡಿ, ಅದರ ಭಾರವೇ ಪಾದವನ್ನು ಕೆಳಕ್ಕೆ ಬಗ್ಗಿಸುತ್ತದೆ.

ನೀರು ತುಂಬಿದ ಕೈಗವಸಿನ ಸಲಹೆ ಹಳೆಯ ವಾರ್ಡುಗಳಿಂದ ಬಂದದ್ದು. ಬಾಯಿಯನ್ನು ಗದರಬೇಡಿ, ಅವಳಿಗೆ ಯಾರೋ ಹಾಗೆಯೇ ಕಲಿಸಿರುತ್ತಾರೆ. ಆದರೆ ಹಿಮ್ಮಡಿ ಅದರ ಮೇಲೆ ಕೂತೇ ಇರುತ್ತದೆ, ಬಿಗಿದ ರಬ್ಬರಿನ ಮೇಲೆ ಬೆವರುತ್ತದೆ, ಕಾಲು ಅಲ್ಲಾಡಿದರೆ ಕೈಗವಸು ಜಾರಿಹೋಗುತ್ತದೆ. ಬಳೆಯಾಕಾರದ ರಿಂಗ್ ಕುಶನ್ ಇನ್ನೂ ಕೆಟ್ಟದ್ದು: ನಡುವಿನ ಜಾಗ ಬಿಡುವಾಗಿ ಕಂಡರೂ ಸುತ್ತಲಿನ ಉಂಗುರ ಒತ್ತಿ ಆ ಜಾಗಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ಸ್ಪಿರಿಟ್ ಹಚ್ಚಿ ತಿಕ್ಕುವ ರೂಢಿಯನ್ನೂ ಬಿಟ್ಟುಬಿಡಿ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗೆ ಮೊದಲೇ ಬಳಲಿದ ನಾಳಗಳು ಹರಿಯುತ್ತವೆ, ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಸುತ್ತದೆ.

ಮಾರುಕಟ್ಟೆಯಲ್ಲಿ ಹಿಮ್ಮಡಿಯನ್ನು ತೇಲಿಸಿ ಹಿಡಿಯುವ ಬೂಟುಗಳು ಸಿಗುತ್ತವೆ. ಅಲ್ಲಾಡದ ಎಡಗಾಲಿಗೆ ದಿಂಬೇ ಸಾಕಾಗಬಹುದು. ದಿಂಬನ್ನು ಒದ್ದು ಬೀಳಿಸುವ ಬಲಗಾಲಿಗೆ ಬೂಟು ಉಪಯೋಗವಾದೀತು. ಕೊಳ್ಳುವುದಾದರೆ ಹಿಮ್ಮಡಿಯ ಜಾಗದಲ್ಲಿ ಪೂರ್ತಿ ತೆರೆದಿರುವ, ಮೀನಖಂಡದ ಮೇಲೆ ಭಾರ ಹೊರಿಸುವ ಬಗೆಯದನ್ನೇ ಕೊಳ್ಳಿ. ಒಳಗೆ ಉಣ್ಣೆಯಂತಹ ಮೆತ್ತೆ ತುಂಬಿದ ಸಾದಾ ಬೂಟು ಉಜ್ಜುವಿಕೆಯನ್ನು ತುಸು ತಗ್ಗಿಸುತ್ತದೆಯೇ ಹೊರತು ಒತ್ತಡವನ್ನು ತೆಗೆಯುವುದಿಲ್ಲ. ಇದರ ಅಪಾಯವೆಂದರೆ ಪಟ್ಟಿಯ ಬಿಗಿತ ಮತ್ತು ಬೆವರು. ಪಾದ ಊದಿಕೊಳ್ಳುವವರಲ್ಲಿ ಬೆಳಿಗ್ಗೆ ಸರಿಯಿದ್ದ ಪಟ್ಟಿ ಸಂಜೆಗೆ ಕೊರೆಯುತ್ತಿರುತ್ತದೆ. ದಿನಕ್ಕೆ ಕನಿಷ್ಠ ಎರಡು ಸಲ ಬಿಚ್ಚಿ ಇಡೀ ಪಾದ ನೋಡದೆ ಇರುವ ಮನೆಯಲ್ಲಿ ಬೂಟಿಗಿಂತ ದಿಂಬೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ಜಾರುವಿಕೆ. ಮೇಲೆ ಕೆಳಗೆ ಮಾಡುವ ಮಂಚವಾದರೆ ಮೊದಲು ಮೊಣಕಾಲಿನ ಭಾಗವನ್ನು ಸ್ವಲ್ಪ ಎತ್ತರಿಸಿ, ಆಮೇಲೆ ತಲೆಯ ಭಾಗವನ್ನು ಎತ್ತರಿಸಿ. ಇಳಿಸುವಾಗ ಇದರ ತಿರುವುಮುರುವು. ಊಟದ ಹೊತ್ತು ಬಿಟ್ಟು ತಲೆಯ ಭಾಗ 30 ಡಿಗ್ರಿಗಿಂತ ಮೇಲಿರಬಾರದು. ಇಲ್ಲೊಂದು ತೊಡಕಿದೆ. ಪಾರ್ಶ್ವವಾಯುವಾದವರಿಗೆ ನುಂಗುವುದು ಕಷ್ಟವಾಗಿದ್ದರೆ ಉಣ್ಣುವಾಗಲೂ ಉಂಡ ಮೇಲೆ ಅರ್ಧ ಗಂಟೆಯೂ ನೆಟ್ಟಗೆ ಕೂರಲೇಬೇಕು, ಇಲ್ಲವಾದರೆ ಅನ್ನದಗುಳು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆದೀತು. ಚರ್ಮದ ಹೆಸರಿನಲ್ಲಿ ಇದನ್ನು ಮೊಟಕು ಮಾಡಬೇಡಿ. ಅವರ ವೈದ್ಯರು ಒಪ್ಪಿದ್ದರೆ ಊಟವನ್ನು ಕುರ್ಚಿಯ ಮೇಲೆ ಮಾಡಿಸಿ, ಪಾದಗಳು ಚಪ್ಪಟೆಯಾಗಿ ನೆಲ ಮುಟ್ಟುವಂತೆ. ಹಾಸಿಗೆಯಲ್ಲೇ ಆಗಬೇಕಾದರೆ ಮೊಣಕಾಲು ಎತ್ತರಿಸಿ, ಹಿಮ್ಮಡಿ ತೇಲಿಸಿ ಕೂರಿಸಿ, ಅರ್ಧ ಗಂಟೆ ಕಳೆದ ಕೂಡಲೇ ಇಳಿಸಿ. ಕೂತ ಭಂಗಿಯಲ್ಲೇ ಮಧ್ಯಾಹ್ನವಿಡೀ ಟಿವಿ ನೋಡಲು ಬಿಡುವುದರಿಂದ ಬಲ ಹಿಮ್ಮಡಿ ಈ ಸ್ಥಿತಿಗೆ ಬರುವುದು ಸಾಮಾನ್ಯ.

ಮೇಲಕ್ಕೆ ಸರಿಸಲು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಅಡ್ಡವಾಗಿ ಹಾಸಿಡಿ, ಸುಕ್ಕಿಲ್ಲದಂತೆ. ಮಂಚವನ್ನು ಮಟ್ಟಸ ಮಾಡಿ, ಆಚೆಗೊಬ್ಬರು ಈಚೆಗೊಬ್ಬರು ಸೀರೆಯ ಅಂಚನ್ನು ದೇಹದ ಹತ್ತಿರಕ್ಕೆ ಸುತ್ತಿ ಹಿಡಿದು, ಎತ್ತಿ ಸರಿಸಬೇಕು. ಹಿಮ್ಮಡಿಗಳು ಮೀನಖಂಡದ ದಿಂಬಿನಾಚೆ ತೇಲುತ್ತಲೇ ಇರಬೇಕು. ಬಾಯಿ ಒಬ್ಬಳೇ ಇರುವ ಹೊತ್ತಿನಲ್ಲಿ ಈ ಕೆಲಸವನ್ನು ಮಾಡಿಸಲೇಬೇಡಿ. ನಿಮ್ಮಲ್ಲಿ ಇಬ್ಬರು ಮನೆಯಲ್ಲಿರುವುದು ಬೆಳಿಗ್ಗೆ ಲೋಕಲ್ ಹಿಡಿಯುವ ಮುನ್ನ ಮತ್ತು ರಾತ್ರಿ ಬಂದ ಮೇಲೆ. ಸರಿಸುವ ಕೆಲಸ ಆಗ ನಡೆಯಲಿ. ನಡುವೆ ಜಾರಿದರೆ ತಲೆಯ ಭಾಗ ಇಳಿಸಿ ಮಗ್ಗುಲಿಗೆ ಹೊರಳಿಸುವುದನ್ನಷ್ಟೇ ಬಾಯಿ ಮಾಡಲಿ.

ಮಗ್ಗುಲ ಕ್ರಮಕ್ಕೆ ಬರೋಣ. ನಮ್ಮೂರಿನ ಒಂದು ಕೋಣೆಯ ಮನೆಗಳಲ್ಲಿ ಮಂಚ ಗೋಡೆಗೆ ತಾಗಿರುತ್ತದೆ, ಹಾಗಾಗಿ ಹೊರಳಿಸುವವರಿಗೆ ತಮ್ಮ ಕಡೆಗೆ ಎಳೆದುಕೊಳ್ಳುವುದೇ ಸುಲಭ, ರೋಗಿ ಅರ್ಧಕ್ಕಿಂತ ಹೆಚ್ಚು ಹೊತ್ತು ಒಂದೇ ಮಗ್ಗುಲಿನಲ್ಲಿರುತ್ತಾರೆ. ಮಂಚವನ್ನು ಒಬ್ಬರು ನಿಲ್ಲುವಷ್ಟು ಈಚೆಗೆ ಎಳೆಯಿರಿ. ಜಾಗವೇ ಇಲ್ಲದಿದ್ದರೆ, ಸಾದಾ ಮಂಚವಾದ ಪಕ್ಷದಲ್ಲಿ, ದಿನ ಬಿಟ್ಟು ದಿನ ತಲೆಯ ಕಡೆಯನ್ನೇ ಬದಲಿಸಿ. ತೆರೆದ ಮಗ್ಗುಲು ತಾನಾಗಿ ಬದಲಾಗುತ್ತದೆ.

ಹೊರಳಿಸುವಾಗ ಪೂರ್ತಿ ಪಕ್ಕಕ್ಕೆ ಮಲಗಿಸಬೇಡಿ, ಸೊಂಟದ ಪಕ್ಕದ ಎಲುಬಿನ ಮೇಲೆ ಭಾರವೆಲ್ಲ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಬೆನ್ನಿನ ಕೆಳತುದಿಯ ಎಲುಬಿನಡಿ ಕೈ ಹಾಯಿಸಿದಾಗ ಅದು ಹಾಸಿಗೆ ಬಿಟ್ಟಿದ್ದರೆ ಅಳತೆ ಸರಿಯಿದೆ. ಎರಡು ಕಾಲುಗಳ ನಡುವೆ ಮೊಣಕಾಲಿನಿಂದ ಪಾದದವರೆಗೆ ದಿಂಬಿರಲಿ. ಮೇಲಿನ ಕಾಲನ್ನು ಎಲ್ಲರೂ ನೋಡುತ್ತಾರೆ, ಕೆಳಗಿನ ಕಾಲನ್ನು ಮರೆಯುತ್ತಾರೆ. ಅದರ ಹೊರಗಂಟು ಮತ್ತು ಹಿಮ್ಮಡಿಯ ಹೊರ ಅಂಚು ಹಾಸಿಗೆಗೆ ತಾಗದಂತೆ ಅದರ ಮೀನಖಂಡದ ಕೆಳಗೂ ತೆಳು ದಿಂಬು ಕೊಡಿ. ಎಡ ಮಗ್ಗುಲಿಗೆ ಮಲಗಿಸುವಾಗ ಎಡ ಭುಜ ಮೈಯಡಿ ಸಿಕ್ಕಿಕೊಳ್ಳದಂತೆ ಮುಂದಕ್ಕೆ ತಂದಿಡಿ, ಆ ಮಗ್ಗುಲಿನ ಅವಧಿಯನ್ನು ಸ್ವಲ್ಪ ಕಡಿಮೆ ಮಾಡಿ.

ಎಷ್ಟು ಹೊತ್ತಿಗೊಮ್ಮೆ ಎಂಬುದರಲ್ಲಿ ಎರಡು ಗಂಟೆ ಎಂಬುದು ದೇವರು ಬರೆದ ಅಂಕಿಯಲ್ಲ. ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳ್ಳೆಯ ಫೋಮ್ ಹಾಸಿಗೆಯ ಮೇಲಿದ್ದವರಿಗೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದಾಗ ಹುಣ್ಣಾಗುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಆಗಲೇ ಹುಣ್ಣಾಗಿರಲಿಲ್ಲ, ನಿಮ್ಮ ತಾಯಿಯವರಿಗೆ ಆಗಿದೆ. ಆದ್ದರಿಂದ ಹಗಲು ಎರಡು ಗಂಟೆಯ ಕ್ರಮವನ್ನೇ ಇಟ್ಟುಕೊಳ್ಳಿ. ರಾತ್ರಿ ನೀವಿಬ್ಬರೂ ಎರಡು ಗಂಟೆಗೊಮ್ಮೆ ಏಳುವುದು ತಿಂಗಳುಗಟ್ಟಲೆ ನಡೆಯುವಂಥದ್ದಲ್ಲ. ಹಿಮ್ಮಡಿಗಳು ನಿಜವಾಗಿ ತೇಲುತ್ತಿದ್ದರೆ ಮೊದಲು ಮೂರು ಗಂಟೆಗೆ ಏರಿಸಿ ನೋಡಿ: ಹತ್ತು ಗಂಟೆಗೆ ಬಲಕ್ಕೆ, ಒಂದಕ್ಕೆ ಎಡಕ್ಕೆ, ಮೂರೂವರೆಗೆ ಮತ್ತೆ ಬಲಕ್ಕೆ, ಆರಕ್ಕೆ ಅಂಗಾತ. ಇದು ಹೊಂದುತ್ತಿದೆಯೇ ಎಂದು ಚರ್ಮವೇ ಹೇಳುತ್ತದೆ. ಭಾರ ಹೊತ್ತಿದ್ದ ಜಾಗವನ್ನು ಹೊರಳಿಸಿದ ಕೂಡಲೇ ನೋಡಿ. ಕೆಂಪಗಿದ್ದರೆ ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾಗಿ, ಅರ್ಧ ಗಂಟೆಯೊಳಗೆ ಮಾಯವಾದರೆ ಚಿಂತೆಯಿಲ್ಲ. ಬಿಳಿಚದಿದ್ದರೆ, ಅಥವಾ ಅರ್ಧ ಗಂಟೆಯಾದರೂ ಉಳಿದರೆ ಅವಧಿ ಹೆಚ್ಚಾಯಿತು, ಹಿಂದಿನ ಕ್ರಮಕ್ಕೆ ಮರಳಿ. ನಮ್ಮಲ್ಲಿ ಬಹಳ ಜನರ ಮೈಬಣ್ಣಕ್ಕೆ ಕೆಂಪು ಕಾಣುವುದೇ ಇಲ್ಲ. ಅಂಥವರಲ್ಲಿ ಅಂಗೈಯ ಹಿಂಬದಿಯಿಂದ ಮುಟ್ಟಿ ಪಕ್ಕದ ಚರ್ಮಕ್ಕಿಂತ ಬಿಸಿಯೇ, ತಣ್ಣಗೋ, ಗಟ್ಟಿಯಾಗಿದೆಯೋ, ಕೊಳೆತ ಹಣ್ಣಿನಂತೆ ಮೆದುವೋ ಎಂದು ನೋಡಬೇಕು. ಹಿಮ್ಮಡಿಯ ವಿಷಯದಲ್ಲಿ ಮೆದುವಾಗಿರುವುದೇ ಮೊದಲ ಸೂಚನೆ.

ಬಾಯಿಗಳು ಬದಲಾಗುತ್ತಲೇ ಇರುತ್ತಾರೆ. ಕನ್ನಡದಲ್ಲಿ ನಾವು ನಮ್ಮೊಳಗೆ ಎಷ್ಟು ಚರ್ಚಿಸಿದರೂ ಅವಳಿಗೆ ತಲುಪುವುದಿಲ್ಲ. ಮಂಚದ ಕಾಲಿನ ಕಡೆಯ ಗೋಡೆಗೆ ಮರಾಠಿಯಲ್ಲಿ ಒಂದೇ ಸಾಲು ಬರೆದು ಅಂಟಿಸಿ: ‘ಟಾಚ ಹವೇತ ರಾಹಿಲಿ ಪಾಹಿಜೆ’, ಹಿಮ್ಮಡಿ ಗಾಳಿಯಲ್ಲೇ ಇರಬೇಕು. ಅದರ ಪಕ್ಕದಲ್ಲಿ ದಿಂಬು ಸರಿಯಾಗಿ ಇಟ್ಟಾಗ ತೆಗೆದ ಫೋಟೋ ಇದ್ದರೆ ಹೊಸಬರಿಗೆ ಮತ್ತೇನೂ ಹೇಳಬೇಕಾಗುವುದಿಲ್ಲ.

ಈಗ ಕಪ್ಪು ಚರ್ಮದ ವಿಷಯ. ಬೇರೆ ಜಾಗದ ಹಾಸಿಗೆ ಹುಣ್ಣಿನಲ್ಲಿ ಸತ್ತ ಚರ್ಮವನ್ನು ತೆಗೆಯುವುದು ಚಿಕಿತ್ಸೆಯ ಭಾಗ, ಡ್ರೆಸ್ಸಿಂಗಿನವರು ಹೇಳಿದ್ದು ಆ ಅಭ್ಯಾಸದಿಂದ. ಹಿಮ್ಮಡಿ ಅದಕ್ಕೆ ಅಪವಾದ. ಅಲ್ಲಿನ ಹಕ್ಕಳೆ ಒಣಗಿ, ಗಟ್ಟಿಯಾಗಿ, ಸುತ್ತಲೂ ಭದ್ರವಾಗಿ ಅಂಟಿಕೊಂಡಿದ್ದು, ಅಂಚಿನಲ್ಲಿ ಕೆಂಪು, ಊತ, ಕೀವು, ವಾಸನೆ ಯಾವುದೂ ಇಲ್ಲದಿದ್ದರೆ ಅದನ್ನು ಮೆತ್ತಗೆ ಮಾಡಬಾರದು, ಕತ್ತರಿಸಲೂಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಹೇಳುವ ಮಾತು. ಒಳಗೆ ಮಾಂಸವೇ ಇಲ್ಲದ ಜಾಗದಲ್ಲಿ ಆ ಮುಚ್ಚಳ ತೆಗೆದರೆ ಎಲುಬು ಹತ್ತಿರದಲ್ಲೇ ಇರುತ್ತದೆ, ರೋಗಾಣು ಎಲುಬಿಗೆ ಇಳಿದರೆ ಕಾಲಿಗೇ ಅಪಾಯ. ಮಧುಮೇಹಿಗಳಲ್ಲಿ ಪಾದಕ್ಕೆ ಬರುವ ರಕ್ತವೇ ಕಡಿಮೆಯಿದ್ದರೆ ಕತ್ತರಿಸಿದ ಗಾಯ ಮಾಯುವುದೂ ಇಲ್ಲ.

ಆದ್ದರಿಂದ ಅದನ್ನು ಒಣಗಿದಂತೆಯೇ ಇಡಿ. ಸ್ನಾನ ಮಾಡಿಸುವಾಗ ನೆನೆಸಬೇಡಿ. ಒಣ ಗಾಜ್‌ ಇಟ್ಟು ಸಡಿಲವಾಗಿ ಸುತ್ತಿ. ವೈದ್ಯರು ಹೇಳಿದರೆ ಪೋವಿಡೋನ್ ಅಯೋಡಿನ್ ಬಳಿಯಬಹುದು. ಮುಲಾಮು, ಜೇನು, ಅರಿಸಿನ ಬೆರೆಸಿದ ಎಣ್ಣೆ ಇವೆಲ್ಲ ಅದನ್ನು ಮೆತ್ತಗೆ ಮಾಡುತ್ತವೆ. ಹಿಮ್ಮಡಿ ತೇಲುತ್ತಿದ್ದರೆ, ರಕ್ತದ ಹರಿವು ಸರಿಯಿದ್ದರೆ ಕೆಳಗೆ ಹೊಸ ಚರ್ಮ ಬೆಳೆದಂತೆ ಹಕ್ಕಳೆಯ ಅಂಚು ತಾನಾಗಿ ಬಿಡುತ್ತ ಬರುತ್ತದೆ. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು.

ಆದರೆ ಹಕ್ಕಳೆಯ ಅಡಿ ಮೆತ್ತಗೆ ಜಲಜಲ ಎನ್ನಿಸತೊಡಗಿದರೆ, ಅಂಚಿನಿಂದ ಕೀವು ಒಸರಿದರೆ, ಸುತ್ತ ಕೆಂಪು ಹರಡಿದರೆ, ಕೆಟ್ಟ ವಾಸನೆ ಬಂದರೆ ಅದೇ ದಿನ ಶಸ್ತ್ರವೈದ್ಯರ ಬಳಿಗೆ ಹೋಗಬೇಕು. ಆಗ ಮುಚ್ಚಳ ತೆಗೆಯಲೇಬೇಕಾಗುತ್ತದೆ, ಅದನ್ನು ಮಾಡಬೇಕಾದದ್ದು ಆಸ್ಪತ್ರೆಯಲ್ಲಿ. ವಯಸ್ಸಾದ ಮಧುಮೇಹಿಗಳಿಗೆ ಸೋಂಕಾದಾಗ ಜ್ವರ ಬರದೆಯೂ ಇರಬಹುದು. ಕಾರಣವಿಲ್ಲದೆ ಸಕ್ಕರೆ ಏರುವುದು, ಮಂಕಾಗುವುದು, ತಡವರಿಸಿ ಮಾತಾಡುವುದು ಇವೇ ಅವರಲ್ಲಿ ಜ್ವರಕ್ಕೆ ಸಮ.

ಬಲ ಹಿಮ್ಮಡಿಯ ಹಸಿ ಗಾಯಕ್ಕೆ ನಿಯಮ ಬೇರೆ. ಅದು ಹದವಾಗಿ ತೇವವಾಗಿದ್ದರೆ ಬೇಗ ಮಾಯುತ್ತದೆ. ಔಷಧದಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನಿನಿಂದ ತೊಳೆದು, ಅಂಟದ ಡ್ರೆಸ್ಸಿಂಗ್ ಅಥವಾ ಸಿಲಿಕೋನ್ ಅಂಚಿನ ಫೋಮ್ ಡ್ರೆಸ್ಸಿಂಗ್ ಹಾಕಿಸಿ. ಫೋಮ್ ಎರಡು ಮೂರು ದಿನ ಉಳಿಯಬಹುದು, ನೆನೆದರೆ ಮಾತ್ರ ಮೊದಲೇ ಬದಲಿಸಿ. ತೆರೆದ ಸಲೈನ್ ಬಾಟಲಿಯನ್ನು ಮರುದಿನಕ್ಕೆ ಇಡಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಬರಿಸುವುದು, ಬಲ್ಬಿನ ಶಾಖ ಕೊಡುವುದು, ಪುಡಿ ಉದುರಿಸುವುದು ಬೇಡ. ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನೇ ಅವು ಕೆಡಿಸುತ್ತವೆ.

ಈ ವಾರದಲ್ಲಿ ಮಾಡಿಸಲೇಬೇಕಾದ ಒಂದು ಪರೀಕ್ಷೆ ಎಂದರೆ ಎರಡೂ ಕಾಲುಗಳ ರಕ್ತದ ಹರಿವು. ವೈದ್ಯರು ಪಾದದ ನಾಡಿ ಮುಟ್ಟಿ ನೋಡಿ, ಬೇಕಿದ್ದರೆ ಡಾಪ್ಲರ್ ಬರೆಯುತ್ತಾರೆ. ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುವ ಪರೀಕ್ಷೆಯೂ ಇದೆ, ಆದರೆ ಹಳೆಯ ಮಧುಮೇಹದಲ್ಲಿ ನಾಳಗಳು ಗಟ್ಟಿಯಾಗಿ ಅದರ ಅಂಕಿ ಹುಸಿಯಾಗಿ ಚೆನ್ನಾಗಿ ಬರಬಹುದು; ಆಗ ಕಾಲ್ಬೆರಳಿನ ಒತ್ತಡ ಅಳೆಯುವುದು ಹೆಚ್ಚು ನಂಬಲರ್ಹ. ಜೊತೆಗೆ ಊಟದಲ್ಲಿ ಪ್ರೋಟೀನ್ ಎಷ್ಟಿದೆ ನೋಡಿ. ಗಾಯವಿರುವವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.25ರಿಂದ 1.5 ಗ್ರಾಂ ಬೇಕು. ಅವರ ತೂಕ 50 ಕಿಲೋ ಇದ್ದರೆ 60 ಗ್ರಾಂಗಿಂತ ಹೆಚ್ಚು. ಗಂಜಿ, ತಿಳಿಸಾರು, ಬಿಸ್ಕತ್ತಿನಿಂದ ಅದರ ಅರ್ಧವೂ ಒದಗುವುದಿಲ್ಲ. ಗಟ್ಟಿ ಬೇಳೆ, ಮೊಸರು, ಪನೀರು, ತಿನ್ನುವವರಾದರೆ ಮೊಟ್ಟೆ, ಮೀನು ಸೇರಲಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಏರಿಸಬೇಡಿ.

ವಾರಕ್ಕೊಮ್ಮೆ, ಒಂದೇ ದಿನ, ಎರಡೂ ಹಿಮ್ಮಡಿಗಳ ಪಕ್ಕದಲ್ಲಿ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬಲ ಹಿಮ್ಮಡಿಯ ಗಾಯ ಎರಡು ವಾರದಲ್ಲಿ ಚಿಕ್ಕದಾಗದಿದ್ದರೆ, ಮೊದಲು ಬಾಯಿಗೆ ತಿಳಿಸದೆ ಮಧ್ಯಾಹ್ನ ಒಮ್ಮೆ ಮನೆಗೆ ಬಂದು ಹೊದಿಕೆ ಸರಿಸಿ ದಿಂಬು ಎಲ್ಲಿದೆ ನೋಡಿ. ದಿಂಬು ಜಾಗದಲ್ಲೇ ಇದ್ದೂ ಗಾಯ ಕದಲದಿದ್ದರೆ ಆ ಫೋಟೋಗಳನ್ನೂ ಡಾಪ್ಲರ್ ವರದಿಯನ್ನೂ ಹಿಡಿದು ರಕ್ತನಾಳಗಳ ಶಸ್ತ್ರವೈದ್ಯರನ್ನು ಕಾಣಿ.